ಮದುವೆ ಯಾಕಾಗಿಲ್ಲ ಎಂದು ಕೇಳಿದಾಗ

‘ಯಾಕೆ ಇನ್ನೂ ಮದುವೆ ಆಗಿಲ್ಲ?’ ಎಂಬ ಪ್ರಶ್ನೆ ಮೂವತ್ತು ದಾಟಿದ ಅವಿವಾಹಿತರಿಗೆ ಹೆಚ್ಚಾಗಿ ಮೂರು ಕಡೆಯಿಂದ ಬರುತ್ತದೆ. ಛತ್ರದ ಊಟದ ಸಾಲಿನಲ್ಲೋ ಗೃಹಪ್ರವೇಶದಲ್ಲೋ ಸಿಕ್ಕ ನೆಂಟರು ಕೇಳುತ್ತಾರೆ. ಜಾತಕ, ಬಯೋಡೇಟಾ ಹಿಡಿದು ಓಡಾಡುವ ಮಧ್ಯಸ್ಥರು ಕೇಳುತ್ತಾರೆ. ಸಂಬಂಧದ ಮಾತುಕತೆಗೆಂದು ಎದುರು ಬಂದು ಕೂತ ವ್ಯಕ್ತಿಯೂ ಕೇಳುತ್ತಾರೆ. ಮೂವರ ಮಾತೂ ಹೆಚ್ಚುಕಡಿಮೆ ಒಂದೇ ಆದರೂ ಉತ್ತರದಿಂದ ಅವರಿಗೆ ಆಗಬೇಕಾದ ಕೆಲಸ ಬೇರೆ ಬೇರೆ. ನೆಂಟರಿಗೆ ಬಹುಮಟ್ಟಿಗೆ ಮಾತು ಶುರುವಾದರೆ ಸಾಕು. ಮಧ್ಯಸ್ಥರಿಗೆ ಹುಡುಕುವುದಕ್ಕೆ ಬೇಕಾದ ಮಾಹಿತಿ ಬೇಕು. ಎದುರು ಕೂತ ವ್ಯಕ್ತಿಗೆ ಮಾತ್ರ ಉತ್ತರ ನಿಜಕ್ಕೂ ಬೇಕು, ಏಕೆಂದರೆ ಅದರ ಮೇಲೆ ಅವರು ತಮ್ಮ ಬದುಕಿನ ಒಂದು ನಿರ್ಧಾರವನ್ನು ನಿಲ್ಲಿಸಬೇಕಾಗಿದೆ. ಆದ್ದರಿಂದ ಈ ಮೂರನೆಯ ಸಂದರ್ಭವೇ ಹೆಚ್ಚು ಕಷ್ಟದ್ದು.

‘ಯಾಕೆ’ ಎಂದು ಕೇಳುವುದು ಬರೀ ಮಾಹಿತಿ ಕೇಳುವುದಲ್ಲ. ದಿನನಿತ್ಯದ ಸಂಭಾಷಣೆಯನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡುವ ಗಲಿನಾ ಬೋಲ್ಡೆನ್ ಮತ್ತು ಜೆಫ್ರಿ ರಾಬಿನ್ಸನ್ ಎಂಬ ಇಬ್ಬರು ವಿದ್ವಾಂಸರು 2011ರಲ್ಲಿ ಇಂಗ್ಲಿಷ್ ಮಾತುಕತೆಗಳ ಬಗ್ಗೆ ಇದನ್ನು ತೋರಿಸಿದರು. ಯಾವುದಾದರೂ ನಡವಳಿಕೆಗೆ ಕಾರಣ ಕೇಳಿದ ಕೂಡಲೇ, ಆ ನಡವಳಿಕೆ ಸಹಜವಲ್ಲ, ಅದಕ್ಕೆ ಸಮಜಾಯಿಷಿ ಬೇಕು ಎಂಬ ನಿಲುವು ಪ್ರಶ್ನೆಯೊಳಗೇ ಬಂದಿರುತ್ತದೆ. ಅದಕ್ಕೇ ಅಂಥ ಪ್ರಶ್ನೆ ಬಹಳ ಸಲ ಟೀಕೆಯಂತೆ ಕೇಳಿಸುತ್ತದೆ. ಕನ್ನಡದಲ್ಲೂ ಇದನ್ನು ಯಾರು ಬೇಕಾದರೂ ಗಮನಿಸಬಹುದು. ಮದುವೆಯಾದವರನ್ನು ಯಾರೂ ‘ನೀವು ಯಾಕೆ ಮದುವೆ ಆದಿರಿ?’ ಎಂದು ಕೇಳುವುದಿಲ್ಲ. ಕೇಳಿದರೆ ಅದು ತಮಾಷೆ, ಇಲ್ಲವೇ ಜಗಳ.

ಹೀಗೆ ಸಮಜಾಯಿಷಿಗೆ ಕರೆ ಬಂದಾಗ ಕೇಳಿಸಿಕೊಂಡವರ ಮನಸ್ಸು ತಪ್ಪಿಲ್ಲದ ಒಂದು ಕಾರಣವನ್ನು ಹುಡುಕಲು ಹೊರಡುತ್ತದೆ. ಎಡವುವುದು ಇಲ್ಲೇ. ಮದುವೆಯಾಗಿಲ್ಲ ಎಂಬುದು ಒಂದು ಘಟನೆಯಲ್ಲ, ಒಂದು ಘಟನೆ ನಡೆಯಲಿಲ್ಲ ಎಂಬ ಸಂಗತಿ. ನಡೆದದ್ದಕ್ಕೆ ಕಾರಣ ಹೇಳುವುದು ಸುಲಭ. ನಡೆಯದೇ ಹೋದದ್ದರ ಹಿಂದೆ ಸಾಮಾನ್ಯವಾಗಿ ಹತ್ತಾರು ಸಣ್ಣಪುಟ್ಟ ಸಂಗತಿಗಳು ಇರುತ್ತವೆ: ಒಂದು ವರ್ಷದ ಕಾಯಿಲೆ, ಕೂಡಿಬರದ ಒಂದು ಜಾತಕ, ಊರು ಬಿಟ್ಟ ವರ್ಗಾವಣೆ, ಸಂಕೋಚ, ಸೋಮಾರಿತನ, ಒಪ್ಪಿಗೆಯಾಗದ ಎರಡು ಸಂಬಂಧ. ಸೈಪ್ರಸ್‌ನ ನಿಕೋಸಿಯಾ ವಿಶ್ವವಿದ್ಯಾಲಯದ ಮೆನೆಲಾವೋಸ್ ಅಪೊಸ್ತೊಲು 2018ರಲ್ಲಿ, ಯಾಕೆ ಒಂಟಿಯಾಗಿದ್ದೀರಿ ಎಂಬ ಪ್ರಶ್ನೆಗೆ ಗಂಡಸರು ಹೆಸರು ಹೇಳದೆ ಬರೆದಿದ್ದ ಸಾವಿರಾರು ಉತ್ತರಗಳನ್ನು ವಿಂಗಡಿಸಿದಾಗ ಕಾರಣಗಳು 43 ಬಗೆಯಾಗಿ ನಿಂತವು. ಹೆಚ್ಚು ಸಲ ಕಂಡವುಗಳಲ್ಲಿ ಸಂಕೋಚ, ಆತ್ಮವಿಶ್ವಾಸದ ಕೊರತೆ, ಸಾಕಷ್ಟು ಪ್ರಯತ್ನ ಪಡದಿರುವುದು, ಹಿಂದಿನ ಸಂಬಂಧದ ಕಹಿ ಇದ್ದವು. ಪಾಶ್ಚಾತ್ಯ ಪರಿಸರದ ಆ ಪಟ್ಟಿಯಲ್ಲಿ ಜಾತಕಕ್ಕೂ ಗೋತ್ರಕ್ಕೂ ಜಾಗವಿಲ್ಲ. ಆದರೂ ಯಾರೂ ಮುಖಕ್ಕೆ ಮುಖ ಕೊಟ್ಟು ಹೇಳಲಾರದ ಸಾದಾ ಸಂಗತಿಗಳೇ ಹೆಚ್ಚು ಎಂಬುದು ಅದರಿಂದ ತಿಳಿಯುತ್ತದೆ.

ಒಂದೇ ಕಾರಣ ಇಲ್ಲದ ಕಡೆ ಒಂದೇ ಕಾರಣ ಹೇಳಹೊರಟರೆ ಎರಡರಲ್ಲಿ ಒಂದಾಗುತ್ತದೆ. ಹೇಳಿದ ಕಾರಣ ಸಾಲದು ಎನಿಸಿ ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು ಬರುತ್ತವೆ. ಇದು ಸಮರ್ಥನೆಯ ದಾರಿ. ಅಥವಾ ಯಾರೂ ಪ್ರಶ್ನಿಸಲಾಗದಂಥ ನುಣುಪಾದ ವಾಕ್ಯವೊಂದು ತಯಾರಾಗಿ, ಎಲ್ಲರಿಗೂ ಅದೇ ಸಲ್ಲುತ್ತದೆ. ಇದು ಬಾಯಿಪಾಠದ ದಾರಿ. ಎರಡೂ ಹುಟ್ಟುವುದು ಒಂದೇ ಕಡೆ, ಕಾರಣ ಕೊಡಲೇಬೇಕು ಎಂದು ಒಪ್ಪಿಕೊಂಡಲ್ಲಿ. ಇವೆರಡನ್ನೂ ಬಿಟ್ಟ ಉತ್ತರ ಕಾರಣ ಹೇಳುವುದಿಲ್ಲ. ವರ್ಷಗಳು ಹೇಗೆ ಕಳೆದವು, ಈಗ ಮನಸ್ಸು ಎಲ್ಲಿದೆ ಎಂಬುದನ್ನು ಹೇಳುತ್ತದೆ.

ಒಂದು ಕಲ್ಪಿತ ಉದಾಹರಣೆಯಲ್ಲಿ ಇದನ್ನು ಬಿಡಿಸಿ ನೋಡಬಹುದು. ಹಾಸನದ ಪದವಿಪೂರ್ವ ಕಾಲೇಜೊಂದರ ಉಪನ್ಯಾಸಕಿ, ವಯಸ್ಸು 37. ಇಪ್ಪತ್ತಾರರಲ್ಲಿದ್ದಾಗ ತಂದೆಗೆ ಲಕ್ವ ಹೊಡೆಯಿತು; ಐದು ವರ್ಷ ಹಾಸಿಗೆ ಹಿಡಿದಿದ್ದು ತೀರಿಕೊಂಡರು. ಆ ನಡುವೆ ಬಂದ ಎರಡು ಸಂಬಂಧಗಳಲ್ಲಿ ಒಂದು ಜಾತಕದಲ್ಲಿ ನಿಂತಿತು. ಇನ್ನೊಂದರಲ್ಲಿ ಹುಡುಗನ ಮನೆಯವರು ಕೆಲಸ ಬಿಡಬೇಕೆಂದರು, ಆಕೆ ಒಪ್ಪಲಿಲ್ಲ. ತಂದೆಯ ನಂತರ ಸಹೋದ್ಯೋಗಿಯೊಬ್ಬರ ಮೇಲೆ ಪ್ರೀತಿ ಹುಟ್ಟಿತು, ಮೂರು ವರ್ಷದಲ್ಲಿ ಅದು ಮುರಿಯಿತು. ಆಮೇಲೆ ಮೂರು ವರ್ಷ ಯಾರನ್ನೂ ನೋಡುವ ಮನಸ್ಸಿರಲಿಲ್ಲ. ಈಗ ಅತ್ತಿಗೆಯ ಪರಿಚಯದವರ ಮೂಲಕ ಮೈಸೂರಿನ ಬ್ಯಾಂಕ್ ನೌಕರರೊಬ್ಬರು, ವಯಸ್ಸು 39, ಹೋಟೆಲೊಂದರಲ್ಲಿ ಎದುರು ಕೂತಿದ್ದಾರೆ. ಕಾಫಿ ಬಂದ ಮೇಲೆ ಅವರು ಕೇಳುತ್ತಾರೆ: ‘ಇಷ್ಟು ದಿನ ಯಾಕೆ ಆಗ್ಲಿಲ್ಲ, ಕೇಳ್ಬಹುದಾ?’

ಮೊದಲನೆಯ ಬಗೆಯ ಉತ್ತರ ಹೀಗಿರುತ್ತದೆ: ‘ಅಪ್ಪಂಗೆ ಹುಷಾರಿರ್ಲಿಲ್ಲ, ನಾನೇ ನೋಡ್ಕೋಬೇಕಿತ್ತು. ತಮ್ಮ ಬೇರೆ ಓದ್ತಾ ಇದ್ದ. ಬಂದವರೆಲ್ಲ ಕೆಲಸ ಬಿಡು ಅನ್ನೋರೇ. ನಂಗೇನೂ ಸಂಬಂಧ ಬರ್ದೇ ಇರ್ಲಿಲ್ಲ. ಮತ್ತೆ ಈಗ ಆದೋರೆಲ್ಲ ಎಷ್ಟು ಸುಖವಾಗಿದ್ದಾರೆ ಹೇಳಿ!’ ಇದರಲ್ಲಿ ದೊಡ್ಡ ಸುಳ್ಳೇನೂ ಇಲ್ಲ. ಆದರೆ ಪ್ರತಿ ವಾಕ್ಯವೂ ಯಾರೋ ಹೊರಿಸಿದ ಆರೋಪಕ್ಕೆ ಎದುರುತ್ತರದಂತಿದೆ. ಒಂದು ಸಂಬಂಧದವರು ಹೇಳಿದ್ದು ‘ಬಂದವರೆಲ್ಲ’ ಎಂದಾಗಿದೆ. ಸಂಬಂಧ ಬರುತ್ತಿತ್ತು ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ಕೊನೆಯ ವಾಕ್ಯವಂತೂ ಕೇಳಿದವರ ಮೇಲೇ ತಿರುಗಿದೆ. ಸಮರ್ಥನೆಯನ್ನು ಗುರುತಿಸುವ ಗುರುತುಗಳು ಇವೇ: ಕೇಳದೇ ಇದ್ದದ್ದಕ್ಕೆ ಉತ್ತರ, ಒಂದನ್ನು ಎಲ್ಲ ಎನ್ನುವುದು, ಕೊನೆಗೆ ಮದುವೆ ಎಂಬ ವ್ಯವಸ್ಥೆಯನ್ನೇ ಹೀಗಳೆಯುವುದು. ದನಿ ಎಷ್ಟೇ ಮೆದುವಾಗಿದ್ದರೂ ಇವು ಮುಚ್ಚಿಹೋಗುವುದಿಲ್ಲ.

ಎರಡನೆಯ ಬಗೆ ಚಿಕ್ಕದು: ‘ಸರಿಯಾದ ವ್ಯಕ್ತಿ ಸಿಗೋ ತನಕ ಕಾಯೋಣ ಅಂತ.’ ಕೇಳಲು ಚೆನ್ನಾಗಿದೆ. ಆದರೆ ಈ ವಾಕ್ಯವನ್ನು ಹಾಸನದ ಈ ಉಪನ್ಯಾಸಕಿಯೇ ಹೇಳಬೇಕೆಂದಿಲ್ಲ, ಯಾರು ಹೇಳಿದರೂ ನಡೆಯುತ್ತದೆ. ಕೇಳಿದವರಿಗೆ ಆಕೆಯ ಬಗ್ಗೆ ಅದರಿಂದ ಏನೂ ತಿಳಿಯಲಿಲ್ಲ. ಅದರ ಜೊತೆಗೆ, ಇದುವರೆಗಿನವರು ಯಾರೂ ಸರಿಯಿರಲಿಲ್ಲ, ಈಗ ನೀವು ಸರಿಯೋ ನೋಡೋಣ ಎಂಬ ಪರೀಕ್ಷೆಯ ಧಾಟಿಯೂ ಸೇರಿಕೊಂಡಿದೆ. ಹೇಳಿದವರಿಗೆ ಅದು ಗೊತ್ತೂ ಆಗಿರುವುದಿಲ್ಲ.

ಮೂರನೆಯದು: ‘ಇಪ್ಪತ್ತಾರರಿಂದ ಐದು ವರ್ಷ ಅಪ್ಪನ ಕಾಯಿಲೆಯಲ್ಲೇ ಹೋಯ್ತು. ಆಮೇಲೆ ಒಬ್ಬರನ್ನ ಇಷ್ಟಪಟ್ಟಿದ್ದೆ, ಅದು ಮದುವೆ ತನಕ ಬರ್ಲಿಲ್ಲ. ಅದಾದ್ಮೇಲೆ ಒಂದಷ್ಟು ವರ್ಷ ನಂಗೇ ಮನಸ್ಸಿರ್ಲಿಲ್ಲ, ನೋಡೋದೇ ಬಿಟ್ಟಿದ್ದೆ. ಈಗ ಇದೆ, ಅದಕ್ಕೇ ಬಂದೆ. ನಿಮ್ಮ ವರ್ಷಗಳು ಹೇಗೆ ಕಳೆದ್ವು?’ ಇದನ್ನು ಹೇಳಲು ಅರ್ಧ ನಿಮಿಷವೂ ಬೇಡ. ಇದರಲ್ಲಿ ಕಾರಣವೆಂದು ಯಾವುದನ್ನೂ ಮುಂದಿಟ್ಟಿಲ್ಲ, ನಡೆದದ್ದನ್ನು ನಡೆದ ಕ್ರಮದಲ್ಲಿ ಇಟ್ಟಿದೆ. ತಂದೆಯ ಕಾಯಿಲೆಯನ್ನು ಐದು ವರ್ಷಕ್ಕೆ ಮಾತ್ರ ಹೊಣೆ ಮಾಡಿದೆ, ಹನ್ನೊಂದು ವರ್ಷಕ್ಕಲ್ಲ. ‘ನಂಗೇ ಮನಸ್ಸಿರ್ಲಿಲ್ಲ’ ಎಂಬ ಮಾತು ಹೇಳುವವರಿಗೆ ಯಾವ ಹೆಚ್ಚುಗಾರಿಕೆಯನ್ನೂ ತರುವುದಿಲ್ಲ. ಇಡೀ ಉತ್ತರವನ್ನು ನಂಬುವಂತೆ ಮಾಡುವುದು ಅದೇ. ತನಗೆ ಲಾಭವಿಲ್ಲದ ಒಂದು ನಿಜವಾದರೂ ಇಲ್ಲದ ಉತ್ತರ ಎಷ್ಟೇ ಸರಳವಾಗಿದ್ದರೂ ಜಾಹೀರಾತಿನಂತೆ ಕೇಳುತ್ತದೆ. ಜಾತಕದಲ್ಲಿ ನಿಂತುಹೋದ ಸಂಬಂಧವನ್ನೂ ಕೆಲಸ ಬಿಡಬೇಕೆಂದವರ ಮಾತನ್ನೂ ಇಲ್ಲಿ ಹೇಳಿಲ್ಲ. ಮುಚ್ಚಿಡಬೇಕೆಂದಲ್ಲ, ಇಷ್ಟಕ್ಕೆ ಅವು ಬೇಕಿಲ್ಲವೆಂದು. ಕೆಲಸದ ವಿಚಾರ ಮುಂದೆ ಹೇಗೂ ಬರುತ್ತದೆ, ಆಗ ಅದರ ಜಾಗದಲ್ಲಿ ಬರಲಿ.

ಕೊನೆಯ ಪ್ರಶ್ನೆಯ ಬಗ್ಗೆ ಒಂದು ಮಾತು. ಪ್ರಶ್ನೆಯನ್ನು ಹಿಂದಿರುಗಿಸುವುದು ಸೇಡಿನಂತೆಯೂ ಆಗಬಹುದು: ‘ಮತ್ತೆ ನಿಮಗ್ಯಾಕೆ ಆಗಿಲ್ಲ?’ ಎಂದರೆ ಕೇಳಿದವರನ್ನೂ ಅದೇ ಕಟಕಟೆಗೆ ಎಳೆದಂತೆ. ‘ನಿಮ್ಮ ವರ್ಷಗಳು ಹೇಗೆ ಕಳೆದ್ವು?’ ಎಂದಾಗ ಅವರಿಗೂ ಕಾರಣ ಕೊಡುವ ಹೊರೆಯಿಲ್ಲ, ತಮ್ಮ ಕತೆ ಹೇಳಿದರಾಯಿತು.

ಮುಖ್ಯ ಪರೀಕ್ಷೆ ಬರುವುದು ಇದಾದ ಮೇಲೆ. ಎದುರಿನವರು ‘ಆ ಸಂಬಂಧ ಯಾಕೆ ಮದುವೆ ತನಕ ಬರ್ಲಿಲ್ಲ?’ ಎಂದು ಕೇಳುತ್ತಾರೆ, ಕೇಳುವುದು ಸಹಜ. ‘ಅವರ ಮನೇಲಿ ಜಾತಿ ಒಪ್ಪಲಿಲ್ಲ, ಅವರು ಮನೆಯವರ ಮಾತು ಮೀರಲಿಲ್ಲ. ತುಂಬ ಬೇಜಾರಾಗಿತ್ತು. ಈಗ ಮುಗಿದಿದೆ’ ಎಂದರೆ ಸಾಕು. ಅಲ್ಲಿಗೆ ನಿಲ್ಲದೆ ಆ ವ್ಯಕ್ತಿ ಹೇಡಿ, ಅವರ ತಾಯಿ ಹೀಗೆ, ಅಕ್ಕ ಹಾಗೆ ಎಂದು ಮಾತು ಬೆಳೆದರೆ ಅದು ಮುಗಿದಿಲ್ಲ ಎಂದು ಎದುರಿನವರಿಗೆ ಗೊತ್ತಾಗುತ್ತದೆ. ಹಳೆಯ ವ್ಯಕ್ತಿಯನ್ನು ಬಣ್ಣಿಸುವ ಗುಣವಾಚಕಗಳು ಎಷ್ಟು ಬಂದವು ಎಂಬುದೇ ಇದಕ್ಕೆ ಒಳ್ಳೆಯ ಅಳತೆ.

ಹಾಗಾದರೆ ತಯಾರಿಯೇ ಬೇಡವೇ? ಬೇಕು. ಆದರೆ ತಯಾರಾಗಬೇಕಾದ್ದು ಸಂಗತಿ, ವಾಕ್ಯವಲ್ಲ. ತನ್ನ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಯಾವ ವರ್ಷ ಏನು ನಡೆಯಿತು, ಯಾವುದು ಪರಿಸ್ಥಿತಿಯಿಂದ ಆಯಿತು, ಯಾವುದು ತನ್ನ ಆಯ್ಕೆ, ಈಗ ಮದುವೆ ನಿಜಕ್ಕೂ ಬೇಕೇ ಎಂಬುದು ಹೇಳುವವರಿಗೇ ಸ್ಪಷ್ಟವಿರಬೇಕು. ಅದು ಸ್ಪಷ್ಟವಿದ್ದವರು ಪ್ರಶ್ನೆ ಯಾವ ಕಡೆಯಿಂದ ಬಂದರೂ ಉತ್ತರ ಕೊಡುತ್ತಾರೆ. ‘ಮೊದ್ಲು ಯಾವುದೂ ಸಂಬಂಧ ಬಂದಿರ್ಲಿಲ್ವಾ?’ ಎಂದು ಕೇಳಿದರೆ ಉಪನ್ಯಾಸಕಿ ಬಂದಿದ್ದ ಎರಡನ್ನು ಹೇಳಬಲ್ಲರು. ‘ಒಂಟಿಯಾಗಿರೋದು ಅಭ್ಯಾಸ ಆಗ್ಬಿಟ್ಟಿದೆಯಾ?’ ಎಂದರೆ ನೋಡುವುದನ್ನು ಬಿಟ್ಟಿದ್ದ ಆ ಮೂರು ವರ್ಷದಿಂದ ಶುರು ಮಾಡಬಲ್ಲರು. ಬಾಯಿಪಾಠದ ವಾಕ್ಯಕ್ಕೆ ಈ ಸಾಮರ್ಥ್ಯವಿಲ್ಲ. ಅದು ಒಂದೇ ಪ್ರಶ್ನೆಗೆ ಹೊಂದುತ್ತದೆ. ಪ್ರಶ್ನೆ ಸ್ವಲ್ಪ ವಾಲಿದರೂ ಎಲ್ಲಿಗೋ ಕೊಟ್ಟ ಉತ್ತರದಂತಾಗುತ್ತದೆ.

ಬಾಯಿಪಾಠ ಸಿಕ್ಕಿಬೀಳುವ ಇನ್ನೊಂದು ಜಾಗ ಸಮಯ. ಬೇರೆ ಬೇರೆ ಖಂಡಗಳ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರ 2009ರ ಅಧ್ಯಯನದ ಪ್ರಕಾರ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಆ ಹತ್ತರಲ್ಲಿ ಕನ್ನಡ ಇರಲಿಲ್ಲ, ಆದರೆ ಕನ್ನಡಿಗರು ಮಾತಿನಲ್ಲಿ ಇದಕ್ಕಿಂತ ತೀರ ನಿಧಾನ ಎನ್ನಲು ಕಾರಣ ಕಾಣುವುದಿಲ್ಲ. ಅಷ್ಟು ಕಡಿಮೆ ಅಂತರಕ್ಕೆ ಒಗ್ಗಿದ ಕಿವಿಗೆ ಎರಡು ಸೆಕೆಂಡಿನ ಮೌನವೂ ದೊಡ್ಡದು. ಆ ಮೌನಕ್ಕೆ ಹೆದರಿ ಜನ ‘ಅದು... ಏನಂದ್ರೆ... ಆಕ್ಚುವಲಿ...’ ಎಂದು ತುಂಬುತ್ತಾರೆ, ಇಲ್ಲವೇ ಕಂಠಪಾಠ ಮಾಡಿದ್ದನ್ನು ತಟ್ಟನೆ ಒಪ್ಪಿಸುತ್ತಾರೆ. ಬದುಕಿನ ಹತ್ತು ವರ್ಷದ ಬಗ್ಗೆ ಕೇಳಿದ ಪ್ರಶ್ನೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಚ್ಚುಕಟ್ಟಾದ ವಾಕ್ಯ ಬಂದರೆ ಅದು ಮೊದಲೇ ಇತ್ತೆಂದು ಕೇಳಿದವರಿಗೆ ಅನಿಸದೆ ಇರದು. ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಸುಮ್ಮನಿದ್ದು ಹೇಳುವುದು ಇಲ್ಲಿ ಯಾವ ಕುಂದೂ ಅಲ್ಲ.

ಕಾರಣ ನಿಜಕ್ಕೂ ಹೊರಗಿರುವ ಸಂದರ್ಭವೂ ಉಂಟು. 2023ರ ಫೆಬ್ರವರಿಯಲ್ಲಿ ಮದುವೆಗೆ ಹೆಣ್ಣು ಸಿಗದ ಮಂಡ್ಯ ಸೀಮೆಯ ಯುವಕರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಬ್ರಹ್ಮಚಾರಿಗಳ ಪಾದಯಾತ್ರೆ ಎಂದೇ ಅದು ಸುದ್ದಿಯಾಯಿತು. ಹಲವರು ವ್ಯವಸಾಯಗಾರರು, ರೈತರಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಅವರ ಅಳಲು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948 ಇದ್ದರು ಎಂಬುದನ್ನು ನೋಡಿದರೆ ಮುಂದೆಯೂ ಇದು ತಗ್ಗುವಂತಿಲ್ಲ. ಹೀಗಿರುವಾಗ ‘ವ್ಯವಸಾಯ ಅಂದ ತಕ್ಷಣ ಬೇಡ ಅಂತಾರೆ, ಮೂರು ಕಡೆ ಹಾಗೇ ಆಯ್ತು’ ಎಂಬ ಉತ್ತರ ಸಮರ್ಥನೆಯಲ್ಲ, ವರದಿ. ಅದೇ ರೈತ ಹೆಣ್ಣಿನ ಎದುರು ಕೂತು ‘ಈಗಿನ ಹುಡುಗೀರಿಗೆಲ್ಲ ಬೆಂಗ್ಳೂರೇ ಬೇಕು’ ಎಂದರೆ ಅದು ಸಮರ್ಥನೆ. ಅಷ್ಟೇ ಅಲ್ಲ, ಹಳ್ಳಿಗೆ ಬರಬಹುದೇನೋ ಎಂದು ನೋಡಲು ಬಂದವಳನ್ನೇ ಆ ಮಾತು ಚುಚ್ಚುತ್ತದೆ. ನಡೆದ ಮೂರನ್ನು ಮೂರೆಂದೇ ಹೇಳುವುದರಲ್ಲಿ ಈ ಅಪಾಯವಿಲ್ಲ.

ನೆಂಟರ ಪ್ರಶ್ನೆಗೆ ಇಷ್ಟೆಲ್ಲ ಬೇಡ. ‘ಏನಪ್ಪಾ, ಊಟ ಯಾವಾಗ ಹಾಕಿಸ್ತೀಯ?’ ಎಂದು ದೊಡ್ಡಮ್ಮ ಕೇಳಿದಾಗ ಅವರು ಕಾರಣವನ್ನೇ ಕೇಳಿಲ್ಲ. ಕೇಳದ ಕಾರಣವನ್ನು ಕೊಡುವುದು ಅವಿವಾಹಿತರು ಮಾಡುವ ಸಾಮಾನ್ಯ ತಪ್ಪು. ‘ಸದ್ಯಕ್ಕೆ ಏನೂ ಇಲ್ಲ ದೊಡ್ಡಮ್ಮ. ಮೊಣಕಾಲು ನೋವು ಹೇಗಿದೆ?’ ಎಂದರೆ ಪ್ರಶ್ನೆಗೆ ಉತ್ತರವೂ ಆಯಿತು, ಮಾತೂ ಮುಂದುವರಿಯಿತು. ‘ಕಂಕಣಬಲ ಕೂಡಿ ಬರಬೇಕಲ್ಲ’ ಎಂಬುದು ಬಾಯಿಪಾಠದ ಮಾತೇ ಹೌದು, ಆದರೆ ಇಂಥ ಕಡೆ ಅದನ್ನು ಹಳಿಯಬೇಕಿಲ್ಲ. ಅದನ್ನು ಹೇಳುವವರಿಗೂ ಕೇಳುವವರಿಗೂ ಅದೊಂದು ಶಿಷ್ಟಾಚಾರವೆಂದು ಗೊತ್ತು, ಯಾರೂ ಮೋಸಹೋಗುವುದಿಲ್ಲ. ಅದು ಕೆಡುವುದು, ನಿಜಕ್ಕೂ ತಿಳಿಯಬೇಕಾದವರ ಮುಂದೆ ಬಳಸಿದಾಗ.

ನೆಂಟರ ಮುಂದೆ ಹೆಚ್ಚು ದುಬಾರಿಯಾಗುವುದು ಹುಸಿ ಕಾರಣ. ‘ಮನೆ ಕಟ್ಟಿ ಮುಗೀಲಿ ಅಂತ’ ಎಂದು ಹೇಳಿ ತಪ್ಪಿಸಿಕೊಂಡವರಿಗೆ ಗೃಹಪ್ರವೇಶದ ದಿನ ಊಟದೆಲೆಯ ಮುಂದೆಯೇ ಕೇಳಿ ಬರುತ್ತದೆ: ‘ಮನೆಯೂ ಆಯ್ತಲ್ಲ, ಇನ್ನೇನು?’ ತಂಗಿಯ ಮದುವೆ, ಬಡ್ತಿ, ಸಾಲ ತೀರುವುದು, ಹೇಳಿದ ಪ್ರತಿ ಕಾರಣಕ್ಕೂ ಒಂದು ಮುಗಿಯುವ ದಿನವಿದೆ. ಆ ದಿನ ನೆಂಟರಿಗೆ ಹೇಳಿದವರಿಗಿಂತ ಚೆನ್ನಾಗಿ ನೆನಪಿರುತ್ತದೆ.

ನಿಜ ಹೇಳಬೇಕೆಂದರೆ ಎಲ್ಲವನ್ನೂ ಹೇಳಬೇಕೆಂದಲ್ಲ. ಕಾಯಿಲೆ, ಮನಸ್ಸಿನ ತೊಂದರೆ, ಲೈಂಗಿಕ ಒಲವು, ಹಿಂದಿನ ಆಘಾತ ಇವುಗಳನ್ನು ಛತ್ರದಲ್ಲಿ ಸಿಕ್ಕ ಚಿಕ್ಕಪ್ಪನಿಗೆ ತಿಳಿಸುವ ಹೊಣೆ ಯಾರಿಗೂ ಇಲ್ಲ. ‘ಕಾರಣ ಇದೆ ಚಿಕ್ಕಪ್ಪ, ಇಲ್ಲಿ ಹೇಳೋದು ಬೇಡ’ ಎಂಬುದೂ ಪ್ರಾಮಾಣಿಕ ಉತ್ತರವೇ. ಮದುವೆಯೇ ಬೇಡ ಎಂದುಕೊಂಡವರಿಗೂ ‘ನಂಗೆ ಬೇಡ ಅನ್ನಿಸಿದೆ’ ಎಂಬಷ್ಟು ಸಾಕು. ಅದರ ಮೇಲೆ ಮದುವೆ ಎಂಬ ಸಂಸ್ಥೆಯ ಕುರಿತ ಉಪನ್ಯಾಸ ಸೇರಿದರೆ ಮತ್ತೆ ಸಮರ್ಥನೆಯೇ. ಮದುವೆಯಾಗಲಿರುವ ವ್ಯಕ್ತಿಯ ಮುಂದೆ ಮಾತ್ರ ಈ ಗೆರೆ ಬೇರೆ ಕಡೆ ಬೀಳುತ್ತದೆ. ಮೊದಲ ಭೇಟಿಯಲ್ಲೇ ಅಲ್ಲದಿದ್ದರೂ ನಿಶ್ಚಯದ ಮೊದಲು, ಹಿಂದೆ ಆಗಿ ಮುರಿದ ಮದುವೆಯಂಥ ಸಂಗತಿ ತಿಳಿಸಲೇಬೇಕಾದ್ದು. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಪ್ರಕಾರ, ತನ್ನ ಬಗೆಗಿನ ಮುಖ್ಯ ಸಂಗತಿಯಲ್ಲಿ ವಂಚಿಸಿ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದುಮಾಡಿಸಲು ಇನ್ನೊಬ್ಬರು ನ್ಯಾಯಾಲಯಕ್ಕೆ ಹೋಗಬಹುದು. ವಂಚನೆ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಯಾವುದು ಮುಖ್ಯ ಸಂಗತಿ ಎಂಬುದನ್ನು ನ್ಯಾಯಾಲಯ ಆಯಾ ಪ್ರಕರಣ ನೋಡಿ ತೀರ್ಮಾನಿಸುತ್ತದೆ.

ಮಧ್ಯಸ್ಥರ ಪ್ರಶ್ನೆ ಇವೆರಡರ ನಡುವಿನದು. ಅವರು ಕೇಳಿದ್ದನ್ನು ನಾಲ್ಕು ಮನೆಗೆ ಒಯ್ಯುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡರೆ ಅಳತೆ ತಾನಾಗಿ ಸಿಗುತ್ತದೆ. ‘ಅಪ್ಪನ ಕಾಯಿಲೆಯಲ್ಲಿ ಕೆಲವು ವರ್ಷ ಹೋಯ್ತು, ಕೆಲಸ ಬಿಡಲ್ಲ, ಈಗ ನೋಡ್ತಿದೀನಿ’ ಎಂಬಷ್ಟು ಅವರ ಕೆಲಸಕ್ಕೆ ಸಾಕು. ಮುರಿದ ಪ್ರೀತಿಯ ವಿಷಯ ಅವರ ಚೀಲಕ್ಕೆ ಹೋಗಬೇಕಿಲ್ಲ. ಅದನ್ನು ಎದುರು ಕೂತವರಿಗೆ ಆಕೆಯೇ ಹೇಳುತ್ತಾರೆ.

ನಮ್ಮ ಕಡೆ ಈ ಪ್ರಶ್ನೆ ಸ್ವತಃ ಅವಿವಾಹಿತರಿಗಿಂತ ಹೆಚ್ಚು ಸಲ ಅವರ ತಾಯಿಗೆ ಬರುತ್ತದೆ, ಅರಿಶಿನ ಕುಂಕುಮಕ್ಕೆ ಹೋದಲ್ಲಿ, ದೇವಸ್ಥಾನದಲ್ಲಿ, ಬಸ್ಸಿನಲ್ಲಿ. ತಾಯಿಯ ಉತ್ತರದಲ್ಲಿ ಮಗಳ ಮೇಲಿನ ದೂರೂ (‘ನಮ್ಮ ಮಾತೆಲ್ಲಿ ಕೇಳ್ತಾಳೆ’) ಮಗಳ ಪರ ವಕಾಲತ್ತೂ (‘ಎಷ್ಟೊಂದು ಬಂದಿತ್ತು, ಇವಳೇ ಬೇಡ ಅಂದ್ಲು’) ಒಟ್ಟಿಗೆ ಇರುತ್ತವೆ. ಮಗಳು ಮೈಸೂರಿನವರ ಮುಂದೆ ‘ನಂಗೇ ಮನಸ್ಸಿರ್ಲಿಲ್ಲ’ ಎಂದು ನೇರವಾಗಿ ಹೇಳಿ ಬಂದ ವಾರದಲ್ಲೇ, ತಾಯಿ ಆ ಹುಡುಗನ ಚಿಕ್ಕಮ್ಮನಿಗೆ ‘ಗುರುಬಲ ಇರ್ಲಿಲ್ಲ ಅಷ್ಟೇ’ ಎಂದಿರುತ್ತಾರೆ. ಎರಡು ಮಾತು ಎರಡು ದಾರಿಯಿಂದ ಒಂದೇ ಮನೆ ಸೇರಿದಾಗ ನಿಜವಾದ ಉತ್ತರವೇ ಸುಳ್ಳಿನಂತೆ ಕಾಣುವ ಸಂಭವ ಹೆಚ್ಚು. ಇದಕ್ಕೆ ದೊಡ್ಡ ಉಪಾಯವೇನೂ ಬೇಕಿಲ್ಲ. ಯಾರನ್ನಾದರೂ ನೋಡಲು ಹೋಗುವ ಮುನ್ನ, ಹೊರಗಿನವರಿಗೆ ಏನು ಹೇಳುವುದೆಂದು ಮನೆಯವರೆಲ್ಲ ಕೂತು ಮಾತಾಡಿಕೊಂಡರೆ ಆಯಿತು. ಹಾಸನದ ಆ ಮನೆಯಲ್ಲಿ ತಾಯಿಯೂ ಹೇಳಬಹುದಾದ ನಿಜ ಒಂದಿದೆ: ‘ಅವರಪ್ಪನ್ನ ನೋಡ್ಕೊಳ್ಳೋದ್ರಲ್ಲಿ ಐದು ವರ್ಷ ಹೋಯ್ತು. ಮಿಕ್ಕಿದ್ದು ಅವಳನ್ನೇ ಕೇಳಿ, ಹೇಳ್ತಾಳೆ.’